ಅಂಕಿ ಸರಿ, ಪ್ರತ್ಯಯ ತಪ್ಪು: ಒಂದು ತ್ರೈಮಾಸಿಕ ಫಲಿತಾಂಶವನ್ನು ಕನ್ನಡಕ್ಕೆ ತಂದಾಗ ಕಲಿತದ್ದು

ನಮ್ಮ ವ್ಯವಹಾರ ಅಧ್ಯಯನದ ಸರ್ ಈ ಸಲ ವಾಣಿಜ್ಯ ವಿಭಾಗದವರಿಗೆ ಒಂದು ಬೇರೆ ತರಹದ ಅಸೈನ್‌ಮೆಂಟ್ ಕೊಟ್ಟರು. ಷೇರುಪೇಟೆಯಲ್ಲಿರುವ ಯಾವುದಾದರೂ ಕಂಪನಿಯ ತ್ರೈಮಾಸಿಕ ಫಲಿತಾಂಶದ ಪತ್ರಿಕಾ ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡ ಪತ್ರಿಕೆಗೆ ಕಳುಹಿಸಲು ಯೋಗ್ಯವಾಗುವಂತೆ ಅನುವಾದಿಸಬೇಕು. ಷರತ್ತು ಎರಡೇ. ಒಂದು ಅಂಕಿಯೂ ಬದಲಾಗಬಾರದು. ಕಂಪನಿ ಎಷ್ಟು ಎಚ್ಚರಿಕೆಯಿಂದ ಹೇಳಿದೆಯೋ ಅಷ್ಟೇ ಎಚ್ಚರಿಕೆ ಕನ್ನಡದಲ್ಲೂ ಉಳಿಯಬೇಕು.

ನಾನು ಆರಿಸಿಕೊಂಡದ್ದು ಇನ್ಫೊಸಿಸ್ ಕಂಪನಿಯು 2024ರ ಏಪ್ರಿಲ್ 18ರಂದು ಪ್ರಕಟಿಸಿದ ಫಲಿತಾಂಶ. ಬೆಂಗಳೂರಿನ ಕಂಪನಿಯಾದ್ದರಿಂದ ಕನ್ನಡ ಪತ್ರಿಕೆಗಳು ಅದರ ಫಲಿತಾಂಶವನ್ನು ತಪ್ಪದೆ ಪ್ರಕಟಿಸುತ್ತವೆ. ಬೇಕೆಂದೇ ಸ್ವಲ್ಪ ಹಳೆಯದನ್ನು ತೆಗೆದುಕೊಂಡೆ. ಅದರಲ್ಲಿ ಮುಂದಿನ ವರ್ಷದ ಬಗ್ಗೆ ಹೇಳಿದ ಮಾತು ಏನಾಯಿತು ಎಂದು ಈಗ ನೋಡಬಹುದು.

ಅಂಕಿಗಳನ್ನು ಹಾಗೆಯೇ ಇಳಿಸಿದರೆ ಆಯಿತು, ವಾಕ್ಯಗಳಿಗಷ್ಟೇ ಕಷ್ಟಪಡಬೇಕು ಎಂದುಕೊಂಡಿದ್ದೆ. ಆದದ್ದು ಬೇರೆ. ನನ್ನ ಮೊದಲ ಪ್ರತಿಯಲ್ಲಿ ಒಂದೆರಡು ಕಡೆ ಬಿಟ್ಟರೆ ಅಂಕಿಗಳೆಲ್ಲ ಸರಿಯಿದ್ದವು. ಆದರೆ ಅಂಕಿಯ ಹಿಂದೆ ಅಂಟಿಕೊಂಡ ಪುಟ್ಟ ಕನ್ನಡ ಪ್ರತ್ಯಯಗಳು ಮತ್ತು ವಾಕ್ಯದ ಕೊನೆಯ ಕ್ರಿಯಾಪದಗಳು ತಪ್ಪಿದ್ದವು. ಅದನ್ನು ತೋರಿಸಿಕೊಟ್ಟವರು ಇಬ್ಬರು. ಒಬ್ಬರು ನನ್ನ ಖಾಲಾ. ಅವರು ಬೆಂಗಳೂರಿನಲ್ಲಿ ಕಂಪನಿಗಳ ಪ್ರಕಟಣೆಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸದಲ್ಲಿದ್ದಾರೆ. ಇನ್ನೊಬ್ಬರು ಮಾಮೂ. ಮನೆಯಲ್ಲಿ ಉರ್ದು ಮಾತಾಡಿದರೂ ಅವರು ಓದುವುದು ಕನ್ನಡ ಪತ್ರಿಕೆಯನ್ನೇ. ಇಂಗ್ಲಿಷ್ ಓದಲು ಬರುವುದಿಲ್ಲ. ಅವರ ಬಳಿ ಇದೇ ಕಂಪನಿಯ 40 ಷೇರುಗಳಿವೆ. ಅಂದರೆ ಇಂಥ ಅನುವಾದ ನಿಜವಾಗಿ ಯಾರಿಗೆ ಬೇಕೋ ಅಂಥವರು ಅವರು.

ಮಿಲಿಯನ್ನಿಂದ ಕೋಟಿಗೆ

ಈ ಕಂಪನಿಯ ಗ್ರಾಹಕರು ಹೆಚ್ಚಾಗಿ ವಿದೇಶದವರು. ಹಾಗಾಗಿ ಅದು ಫಲಿತಾಂಶವನ್ನು ಡಾಲರ್ ಲೆಕ್ಕದಲ್ಲೂ ರೂಪಾಯಿ ಲೆಕ್ಕದಲ್ಲೂ ಕೊಡುತ್ತದೆ. 2024ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ವರಮಾನ ಡಾಲರ್ ಲೆಕ್ಕದಲ್ಲಿ 4,564 ಮಿಲಿಯನ್, ರೂಪಾಯಿ ಲೆಕ್ಕದಲ್ಲಿ 37,923 ಕೋಟಿ.

ಕನ್ನಡ ಓದುಗರಿಗೆ ಮಿಲಿಯನ್ ಬೇಡ, ಕೋಟಿ ಬೇಕು. ನಾನು ಅವಸರದಲ್ಲಿ ‘4,564 ಕೋಟಿ ಡಾಲರ್’ ಎಂದು ಬರೆದೆ. ಮಿಲಿಯನ್ ಎಂದರೆ ಹತ್ತು ಲಕ್ಷ, ಹತ್ತು ಮಿಲಿಯನ್ ಸೇರಿದರೆ ಒಂದು ಕೋಟಿ. ಆದ್ದರಿಂದ 4,564 ಮಿಲಿಯನ್ನನ್ನು ಹತ್ತರಿಂದ ಭಾಗಿಸಬೇಕು. ಸರಿಯಾದ ಉತ್ತರ 456.4 ಕೋಟಿ ಡಾಲರ್. ನಾನು ಕಂಪನಿಯ ವರಮಾನವನ್ನು ಹತ್ತು ಪಟ್ಟು ಮಾಡಿಬಿಟ್ಟಿದ್ದೆ.

ಖಾಲಾ ಅದನ್ನು ಹಿಡಿದ ರೀತಿ ನನಗೆ ಇಷ್ಟವಾಯಿತು. ಅವರು ಮೂಲವನ್ನು ನೋಡಲೇ ಇಲ್ಲ. ನಾನು ಬರೆದ ಎರಡು ಅಂಕಿಗಳನ್ನೇ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿದರು. 37,923 ಕೋಟಿ ರೂಪಾಯಿಯನ್ನು 4,564 ಕೋಟಿ ಡಾಲರ್‌ನಿಂದ ಭಾಗಿಸಿದರೆ ಒಂದು ಡಾಲರ್‌ಗೆ 8 ರೂಪಾಯಿ 31 ಪೈಸೆ ಬರುತ್ತದೆ. ‘ಬೇಟಾ, ಎಂಟು ರೂಪಾಯಿಗೆ ಡಾಲರ್ ಎಲ್ಲಿ ಸಿಗುತ್ತದೆ ಹೇಳು, ನಾನೂ ತಗೊಳ್ತೀನಿ’ ಎಂದು ನಕ್ಕರು. 456.4 ಕೋಟಿಯಿಂದ ಭಾಗಿಸಿದರೆ 83 ರೂಪಾಯಿ 9 ಪೈಸೆ ಬರುತ್ತದೆ. ಆ ದಿನಗಳಲ್ಲಿ ಡಾಲರ್ ದರ ಇದ್ದದ್ದು ಸುಮಾರು 83 ರೂಪಾಯಿಯೇ.

ಒಂದೇ ಮೊತ್ತ ಎರಡು ಕರೆನ್ಸಿಯಲ್ಲಿ ಇದ್ದಾಗಲೆಲ್ಲ ಈ ಪರೀಕ್ಷೆ ಮಾಡಬಹುದು. ಸೊನ್ನೆ ಅಥವಾ ಬಿಂದು ತಪ್ಪಿದ್ದರೆ ಕೂಡಲೇ ಗೊತ್ತಾಗುತ್ತದೆ. ಆದರೆ ಇದಕ್ಕೆ ಒಂದು ಮಿತಿ ಇದೆ. 37,923ರ ಬದಲು 37,932 ಎಂದು ಅಂಕಿ ಅದಲು ಬದಲಾಗಿದ್ದರೆ ಇದು ಹಿಡಿಯುವುದಿಲ್ಲ. ಆಗಲೂ ಉತ್ತರ 83ರ ಆಸುಪಾಸಿನಲ್ಲೇ ಇರುತ್ತದೆ. ಅಂಥ ತಪ್ಪಿಗೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾ ಇನ್ನೊಬ್ಬರು ಅನುವಾದದ ಮೇಲೆ ಬೆರಳಿಟ್ಟು ನೋಡುವುದೇ ದಾರಿ.

ಯಾವುದಕ್ಕೆ ಹೋಲಿಸಿದರೆ?

ನನ್ನ ಎರಡನೆಯ ವಾಕ್ಯ ಹೀಗಿತ್ತು: ‘ಕಳೆದ ತ್ರೈಮಾಸಿಕಕ್ಕಿಂತ ವರಮಾನ ಶೇ 1.3ರಷ್ಟು ಹೆಚ್ಚಾಗಿದೆ.’ ಅಂಕಿ ಸರಿ, ವಾಕ್ಯ ಪೂರ್ತಿ ತಪ್ಪು.

ತ್ರೈಮಾಸಿಕ ಫಲಿತಾಂಶದಲ್ಲಿ ಪ್ರತಿ ಮೊತ್ತಕ್ಕೂ ಎರಡು ಹೋಲಿಕೆ ಇರುತ್ತದೆ. ಒಂದು, ಹಿಂದಿನ ವರ್ಷದ ಇದೇ ಮೂರು ತಿಂಗಳಿಗೆ. ಇನ್ನೊಂದು, ಇದಕ್ಕೆ ತಕ್ಷಣ ಮೊದಲಿನ ಮೂರು ತಿಂಗಳಿಗೆ. 2023ರ ಜನವರಿ–ಮಾರ್ಚ್‌ನಲ್ಲಿ ವರಮಾನ 37,441 ಕೋಟಿ ರೂಪಾಯಿ ಇತ್ತು. ಅದಕ್ಕೆ ಹೋಲಿಸಿದರೆ 37,923 ಕೋಟಿ ಎಂದರೆ 482 ಕೋಟಿ ಹೆಚ್ಚು, ಅಂದರೆ ಶೇ 1.3ರಷ್ಟು ಏರಿಕೆ. ಆದರೆ 2023ರ ಅಕ್ಟೋಬರ್–ಡಿಸೆಂಬರ್‌ನಲ್ಲಿ ವರಮಾನ 38,821 ಕೋಟಿ ಇತ್ತು. ಅದಕ್ಕೆ ಹೋಲಿಸಿದರೆ 898 ಕೋಟಿ ಕಡಿಮೆ, ಅಂದರೆ ಶೇ 2.3ರಷ್ಟು ಇಳಿಕೆ. ಒಂದೇ ಮೊತ್ತ ಒಂದು ಕಡೆಯಿಂದ ಏರಿಕೆ, ಇನ್ನೊಂದು ಕಡೆಯಿಂದ ಇಳಿಕೆ. ನಾನು ಏರಿಕೆಯ ಅಂಕಿಯನ್ನು ಇಳಿಕೆಯ ಹೋಲಿಕೆಗೆ ಅಂಟಿಸಿದ್ದೆ.

‘ಕಳೆದ ತ್ರೈಮಾಸಿಕ’ ಎಂಬ ಮಾತೇ ಇಲ್ಲಿ ಬಳಸಬಾರದು ಎಂದು ಖಾಲಾ ಹೇಳಿದರು. ಏಪ್ರಿಲ್‌ನಲ್ಲಿ ಪತ್ರಿಕೆ ಓದುವವರಿಗೆ ‘ಕಳೆದ ತ್ರೈಮಾಸಿಕ’ ಎಂದರೆ ಈಗಷ್ಟೇ ಮುಗಿದ ಜನವರಿ–ಮಾರ್ಚ್ ಎಂದೂ ಆಗಬಹುದು, ಅದರ ಹಿಂದಿನದು ಎಂದೂ ಆಗಬಹುದು. ‘ನಾಲ್ಕನೇ ತ್ರೈಮಾಸಿಕ’ ಎಂದರೂ ಎಲ್ಲರಿಗೂ ತಿಳಿಯದು. ನಮಗೆ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದು ಪಾಠದಲ್ಲಿ ಗೊತ್ತು. ಆದರೆ ಮಾಮೂ ನಾಲ್ಕನೆಯದು ಎಂದರೆ ಡಿಸೆಂಬರ್‌ಗೆ ಮುಗಿಯುವುದು ಎಂದುಕೊಂಡರು. ತಿಂಗಳ ಹೆಸರನ್ನೇ ಬರೆದರೆ ಗೊಂದಲ ಇಲ್ಲ: ‘2024ರ ಮಾರ್ಚ್ 31ಕ್ಕೆ ಕೊನೆಗೊಂಡ ತ್ರೈಮಾಸಿಕ’.

ಇದರ ಮೇಲೆ ಇನ್ನೊಂದು ಪದರ ಇದೆ. ಹಿಂದಿನ ವರ್ಷಕ್ಕೆ ಹೋಲಿಸಿದ ಏರಿಕೆ ರೂಪಾಯಿಯಲ್ಲಿ ಶೇ 1.3, ಡಾಲರ್‌ನಲ್ಲಿ ಶೇ 0.2, ‘ಸ್ಥಿರ ಕರೆನ್ಸಿ’ ಲೆಕ್ಕದಲ್ಲಿ ಶೇ 0.0. ಮೂರೂ ನಿಜವೇ. ಡಾಲರ್ ಎದುರು ರೂಪಾಯಿ ದುರ್ಬಲವಾದರೆ, ಅಷ್ಟೇ ಡಾಲರ್ ಬಂದರೂ ರೂಪಾಯಿ ಹೆಚ್ಚು ಕಾಣುತ್ತದೆ. ಆ ಏರಿಳಿತವನ್ನು ತೆಗೆದುಹಾಕಲು ಈ ತ್ರೈಮಾಸಿಕದ ವರಮಾನವನ್ನು ಹಳೆಯ ತ್ರೈಮಾಸಿಕದ ವಿನಿಮಯ ದರದಲ್ಲೇ ಲೆಕ್ಕ ಹಾಕುತ್ತಾರೆ. ಅದೇ ಸ್ಥಿರ ಕರೆನ್ಸಿ ಲೆಕ್ಕ. ಪತ್ರಿಕೆಗೆ ಬರೆಯುವಾಗ ಮೊದಲ ಸಲ ‘ವಿನಿಮಯ ದರದ ಏರಿಳಿತವನ್ನು ಬಿಟ್ಟು ನೋಡಿದರೆ’ ಎಂದು ಬಿಡಿಸಿ ಹೇಳಿ, ನಂತರ ಸ್ಥಿರ ಕರೆನ್ಸಿ ಎಂದರೆ ಸಾಕು. ಬಿಟ್ಟುಬಿಡುವಂತಿಲ್ಲ. ಏಕೆಂದರೆ ಮುಂದಿನ ವರ್ಷದ ಬಗ್ಗೆ ಕಂಪನಿ ಹೇಳಿದ ಮಾತು ಈ ಲೆಕ್ಕದಲ್ಲಿಯೇ ಇದೆ.

‘ರಷ್ಟು’ ಮತ್ತು ‘ಕ್ಕೆ’

ಮನೆಯಲ್ಲಿ ನನ್ನ ಮೊದಲ ಪ್ರತಿಯನ್ನು, ಹಳೆಯದೆಂದು ಹೇಳದೆ, ಮಾಮೂಗೆ ಓದಿ ಹೇಳಿದೆ. ಒಂದು ಕಡೆ ಅವರು ತಡೆದರು. ನಾನು ಓದಿದ್ದು: ‘ಕಂಪನಿಯ ಲಾಭಾಂಶ ಶೇ 20.1ರಷ್ಟು ಇಳಿದಿದೆ.’

‘ಡಿವಿಡೆಂಡನ್ನು ಇಪ್ಪತ್ತು ಪರ್ಸೆಂಟ್ ಕಡಿಮೆ ಮಾಡಿದರಾ?’ ಎಂದು ಮಾಮೂ ಗಾಬರಿಯಿಂದ ಕೇಳಿದರು. ಮೂಲದಲ್ಲಿ ಡಿವಿಡೆಂಡಿನ ಮಾತೇ ಆ ಜಾಗದಲ್ಲಿರಲಿಲ್ಲ, ಇಪ್ಪತ್ತು ಪರ್ಸೆಂಟ್ ಇಳಿಕೆಯೂ ಇರಲಿಲ್ಲ. ಒಂದೇ ವಾಕ್ಯದಲ್ಲಿ ನಾನು ಎರಡು ತಪ್ಪು ಮಾಡಿದ್ದೆ.

ಮೊದಲನೆಯದು ಪದದ ತಪ್ಪು. ಮೂಲದಲ್ಲಿ ಇದ್ದದ್ದು ಆಪರೇಟಿಂಗ್ ಮಾರ್ಜಿನ್. ಅಂದರೆ ನೂರು ರೂಪಾಯಿ ವರಮಾನ ಬಂದರೆ, ಕೆಲಸ ನಡೆಸುವ ಖರ್ಚೆಲ್ಲ ಕಳೆದು ಎಷ್ಟು ಉಳಿಯುತ್ತದೆ ಎಂಬ ಪ್ರಮಾಣ. ನಮ್ಮ ಮನೆಮಾತಿನಲ್ಲಿ ಇಂಥದ್ದಕ್ಕೆಲ್ಲ ಮುನಾಫಾ ಎಂಬ ಒಂದೇ ಪದ ನಡೆದುಹೋಗುತ್ತದೆ. ಅದೇ ಗುಂಗಿನಲ್ಲಿ ನಾನು ‘ಲಾಭದ ಅಂಶ, ಲಾಭಾಂಶ’ ಎಂದು ಬರೆದೆ. ಆದರೆ ಕನ್ನಡದಲ್ಲಿ ಲಾಭಾಂಶ ಎಂದರೆ ಡಿವಿಡೆಂಡ್. ನಮ್ಮ ಪಠ್ಯಪುಸ್ತಕದಲ್ಲೂ ಹಾಗೇ ಇದೆ. ಮಾರ್ಜಿನ್‌ಗೆ ‘ಕಾರ್ಯಾಚರಣೆಯ ಲಾಭದ ಪ್ರಮಾಣ’ ಎಂದು ಬರೆದರೆ ತಪ್ಪು ತಿಳಿಯುವ ಭಯವಿಲ್ಲ.

ಎರಡನೆಯದು ಪ್ರತ್ಯಯದ ತಪ್ಪು. ಆ ಪ್ರಮಾಣ ಹಿಂದಿನ ವರ್ಷದ ಇದೇ ತ್ರೈಮಾಸಿಕದಲ್ಲಿ ಶೇ 21.0 ಇತ್ತು, ಈಗ ಶೇ 20.1 ಆಗಿದೆ. ‘ಶೇ 20.1ಕ್ಕೆ ಇಳಿದಿದೆ’ ಎಂದರೆ ಇಳಿದು ನಿಂತ ಜಾಗ 20.1. ‘ಶೇ 20.1ರಷ್ಟು ಇಳಿದಿದೆ’ ಎಂದರೆ ಇಳಿದ ಅಳತೆ 20.1. ಇಂಗ್ಲಿಷಿನಲ್ಲಿ ಈ ವ್ಯತ್ಯಾಸವನ್ನು ಅಂಕಿಯ ಮುಂದೆ ಒಂದು ಬಿಡಿ ಪದ ಹೇಳುತ್ತದೆ. ನಮ್ಮಲ್ಲಿ ಅದು ಅಂಕಿಯ ಬಾಲದಲ್ಲಿ ಅಂಟಿಕೊಂಡಿರುತ್ತದೆ, ಕಣ್ಣು ಅಂಕಿಯ ಮೇಲಿದ್ದರೆ ಬಾಲ ಕಾಣುವುದಿಲ್ಲ.

‘ಹಾಗಾದರೆ ಶೇ 0.9ರಷ್ಟು ಇಳಿದಿದೆ ಎನ್ನಲೇ?’ ಎಂದು ಖಾಲಾಗೆ ಕೇಳಿದೆ. ಅದೂ ಪೂರ್ತಿ ಸರಿಯಲ್ಲ ಎಂದರು. 21.0ರಲ್ಲಿ 0.9 ಎಂದರೆ ಶೇಕಡಾವಾರು ಲೆಕ್ಕದಲ್ಲಿ ಶೇ 4.3ರಷ್ಟು ಇಳಿಕೆ ಆಗುತ್ತದೆ. 0.9 ಎಂಬುದು ಎರಡು ಶೇಕಡಾ ಪ್ರಮಾಣಗಳ ನಡುವಿನ ಅಂತರ ಮಾತ್ರ. ಅದಕ್ಕೆ ‘ಶೇಕಡಾವಾರು ಅಂಶ’ ಎಂಬ ಮಾತು ಇದೆ, ಆದರೆ ಪತ್ರಿಕೆಯ ಎಲ್ಲ ಓದುಗರಿಗೆ ಅದು ಹೊಳೆಯುವುದಿಲ್ಲ. ಖಾಲಾ ಅವರ ಅಭ್ಯಾಸ ಸರಳವಾಗಿದೆ: ಶೇಕಡಾ ಪ್ರಮಾಣವೇ ಬದಲಾದಾಗ ಎರಡೂ ತುದಿಯನ್ನು ಬರೆದುಬಿಡುವುದು. ‘ಲಾಭದ ಪ್ರಮಾಣ ಶೇ 21.0ರಿಂದ ಶೇ 20.1ಕ್ಕೆ ಇಳಿದಿದೆ.’ ಓದುಗರೇ ಕಳೆಯುತ್ತಾರೆ, ಯಾರೂ ದಾರಿ ತಪ್ಪುವುದಿಲ್ಲ.

‘ಆದ್ದರಿಂದ’ ಎಂದು ಯಾರು ಹೇಳಿದರು?

ಆ ತ್ರೈಮಾಸಿಕದ ನಿವ್ವಳ ಲಾಭ 7,969 ಕೋಟಿ ರೂಪಾಯಿ. ಹಿಂದಿನ ವರ್ಷದ ಇದೇ ಅವಧಿಯಲ್ಲಿ 6,128 ಕೋಟಿ ಇತ್ತು. ಏರಿಕೆ ಶೇ 30ರಷ್ಟು. ನಾನು ಇದನ್ನು ಹಿಂದಿನ ವಾಕ್ಯದ ಜೊತೆ ಸೇರಿಸಿ ‘ವರಮಾನ ಹೆಚ್ಚಿದ್ದರಿಂದ ನಿವ್ವಳ ಲಾಭ ಶೇ 30ರಷ್ಟು ಏರಿದೆ’ ಎಂದು ಬರೆದಿದ್ದೆ. ಓದಲು ಚೆನ್ನಾಗಿತ್ತು.

ಖಾಲಾ ‘ಹೆಚ್ಚಿದ್ದರಿಂದ’ ಎಂಬ ಪದದ ಸುತ್ತ ಗೆರೆ ಹಾಕಿದರು. ‘ಇದು ಮೂಲದಲ್ಲಿ ಎಲ್ಲಿದೆ?’ ಇರಲಿಲ್ಲ. ಮೂಲದಲ್ಲಿ ಎರಡು ಸಾಲು ಒಂದರ ಕೆಳಗೆ ಒಂದು ಇದ್ದವು, ಅಷ್ಟೆ. ಕನ್ನಡದಲ್ಲಿ ವಾಕ್ಯಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಒರಟಾಗಿ ಕೇಳುತ್ತದೆ. ಅದಕ್ಕೇ ಕೈ ತಾನಾಗಿ ‘ಇದರಿಂದ’, ‘ಹೀಗಾಗಿ’, ‘ಹೆಚ್ಚಿದ್ದರಿಂದ’ ಎಂದು ಹೊಲಿಗೆ ಹಾಕುತ್ತದೆ. ಆ ಹೊಲಿಗೆ ಬರೀ ಅಂದಕ್ಕಲ್ಲ, ಅದು ಒಂದು ಕಾರಣವನ್ನು ಹೇಳುತ್ತದೆ.

ಇಲ್ಲಿ ಆ ಕಾರಣ ಸುಳ್ಳೂ ಹೌದು. ವರಮಾನ ಏರಿದ್ದು ಶೇ 1.3, ಲಾಭ ಏರಿದ್ದು ಶೇ 30, ಲಾಭದ ಪ್ರಮಾಣ ಇಳಿದಿದೆ. ಇವು ಮೂರೂ ಒಟ್ಟಿಗೆ ಇದ್ದರೆ ಲಾಭ ಬೇರೆಲ್ಲಿಂದಲೋ ಬಂದಿದೆ ಎಂದು ಅನುಮಾನ ಬರಬೇಕಿತ್ತು. ಹಣಕಾಸು ಪಟ್ಟಿ ತೆರೆದು ನೋಡಿದರೆ ಆ ಸಲ ‘ಇತರೆ ಆದಾಯ’ ಬಹಳ ದೊಡ್ಡದಾಗಿತ್ತು. ಆದಾಯ ತೆರಿಗೆ ಮರುಪಾವತಿಯ ಮೇಲೆ ಬಂದ ಬಡ್ಡಿ ಅದರಲ್ಲಿ ಸೇರಿತ್ತು. ಅದು ಪ್ರತಿ ತ್ರೈಮಾಸಿಕದಲ್ಲಿ ಬರುವಂಥದ್ದಲ್ಲ. ಕಾರಣ ಗೊತ್ತಾಯಿತೆಂದು ಅನುವಾದಕರು ಅದನ್ನು ಪ್ರಕಟಣೆಯ ಮಾತು ಎಂಬಂತೆ ಸೇರಿಸಲೂಬಾರದು. ಬೇಕಾದರೆ ಪತ್ರಿಕೆಯವರು ತಮ್ಮ ವರದಿಯಲ್ಲಿ ಬರೆಯಲಿ. ನಮ್ಮ ಕೆಲಸ ಎರಡು ಅಂಕಿಗಳ ನಡುವೆ ಇಲ್ಲದ ಸೇತುವೆ ಕಟ್ಟದಿರುವುದು. ‘ನಿವ್ವಳ ಲಾಭ ₹7,969 ಕೋಟಿ ಆಗಿದೆ’ ಎಂದು ಹೊಸ ವಾಕ್ಯ ಶುರು ಮಾಡಿದರೆ ಮುಗಿಯಿತು.

ಶಿಫಾರಸು ಬೇರೆ, ಘೋಷಣೆ ಬೇರೆ

ಮಾಮೂ ಎರಡನೆಯ ಸಲ ತಡೆದದ್ದು ಡಿವಿಡೆಂಡ್ ಬಂದಾಗ. ನಾನು ‘ಪ್ರತಿ ಷೇರಿಗೆ ₹28 ಲಾಭಾಂಶ ಘೋಷಿಸಲಾಗಿದೆ’ ಎಂದು ಓದಿದೆ. ಅವರು ಕೂಡಲೇ ಮನಸ್ಸಿನಲ್ಲೇ ಗುಣಿಸಿದರು. 40 ಷೇರಿಗೆ 1,120 ರೂಪಾಯಿ. ‘ಈ ವಾರ ಖಾತೆಗೆ ಬರುತ್ತದಾ? ಹುಡುಗನ ಟ್ಯೂಷನ್ ಫೀಸಿಗೆ ಆಗುತ್ತದೆ’ ಎಂದರು.

ಮೂಲದಲ್ಲಿ ಇದ್ದದ್ದು ಬೇರೆ. ನಿರ್ದೇಶಕ ಮಂಡಳಿಯು ಪ್ರತಿ ಷೇರಿಗೆ 20 ರೂಪಾಯಿ ಅಂತಿಮ ಲಾಭಾಂಶವನ್ನೂ, ಅದರ ಜೊತೆಗೆ 8 ರೂಪಾಯಿ ವಿಶೇಷ ಲಾಭಾಂಶವನ್ನೂ ಶಿಫಾರಸು ಮಾಡಿತ್ತು. ನಾವು ಪಾಠದಲ್ಲಿ ಓದಿದ ಹಾಗೆ ಮಧ್ಯಂತರ ಲಾಭಾಂಶವನ್ನು ಮಂಡಳಿಯೇ ಘೋಷಿಸಬಹುದು. ಅಂತಿಮ ಲಾಭಾಂಶವನ್ನು ಮಂಡಳಿ ಶಿಫಾರಸು ಮಾಡಬಹುದು ಅಷ್ಟೆ, ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಷೇರುದಾರರು ಒಪ್ಪಬೇಕು. ಏಪ್ರಿಲ್‌ನಲ್ಲಿ ಅದು ಇನ್ನೂ ಸಲಹೆ, ಷೇರುದಾರರ ಸಭೆ ಇದ್ದದ್ದು ಜೂನ್‌ನಲ್ಲಿ. ‘ಶಿಫಾರಸು’ ಎಂಬ ಪದ ಉಳಿದಿದ್ದರೆ ಮಾಮೂ ಆ ಹಣವನ್ನು ಈ ವಾರದ ಫೀಸಿಗೆ ಎಣಿಸುತ್ತಿರಲಿಲ್ಲ.

ಎರಡು ಮೊತ್ತವನ್ನು ಕೂಡಿಸಿ 28 ಎಂದದ್ದೂ ಅರ್ಧ ತಪ್ಪು. ಕೂಡಿಸಿದ ಲೆಕ್ಕ ಸರಿ. ಆದರೆ ವಿಶೇಷ ಲಾಭಾಂಶ ಆ ವರ್ಷಕ್ಕೆ ಮಾತ್ರ ಹೇಳಿದ್ದು. 28 ಎಂದು ಓದಿದವರು ಮುಂದಿನ ವರ್ಷವೂ 28ನ್ನೇ ಕಾಯುತ್ತಾರೆ. ಬೇರೆ ಬೇರೆಯಾಗಿ ಬರೆದರೆ ಆ ತೊಂದರೆ ಇಲ್ಲ.

ಎಚ್ಚರಿಕೆ ಇರುವುದು ವಾಕ್ಯದ ಕೊನೆಯಲ್ಲಿ

ಕೊನೆಯದು ಮುಂದಿನ ವರ್ಷದ ಮುನ್ನೋಟ. 2024–25ನೇ ಹಣಕಾಸು ವರ್ಷದಲ್ಲಿ ವರಮಾನದ ಬೆಳವಣಿಗೆ ಸ್ಥಿರ ಕರೆನ್ಸಿ ಲೆಕ್ಕದಲ್ಲಿ ಶೇ 1ರಿಂದ ಶೇ 3ರ ನಡುವೆ ಇರಬಹುದೆಂದು ಕಂಪನಿ ಅಂದಾಜು ಕೊಟ್ಟಿತ್ತು. ನನ್ನ ಅನುವಾದ: ‘ಇನ್ಫೊಸಿಸ್ ಈ ವರ್ಷ ಶೇ 3ರವರೆಗೆ ಬೆಳೆಯಲಿದೆ.’

ಇದರಲ್ಲಿ ಕಳೆದುಹೋದದ್ದನ್ನು ಎಣಿಸಿದೆ. ಕೆಳಗಿನ ತುದಿಯಾದ ಶೇ 1 ಹೋಯಿತು. ಸ್ಥಿರ ಕರೆನ್ಸಿ ಹೋಯಿತು. ಇದು ಕಂಪನಿಯ ಅಂದಾಜು ಎಂಬುದು ಹೋಯಿತು. ‘ಬೆಳೆಯಲಿದೆ’ ಎಂಬ ಕ್ರಿಯಾಪದದಿಂದ ಅಂದಾಜು ನಿಶ್ಚಯವಾಯಿತು. ‘ನಾಳೆ ಪರೀಕ್ಷೆ ನಡೆಯಲಿದೆ’ ಎಂದರೆ ಯಾರೂ ಅನುಮಾನಪಡುವುದಿಲ್ಲ, ಅಷ್ಟು ಗಟ್ಟಿ ರೂಪ ಅದು. ‘ಬೆಳೆಯಬಹುದು ಎಂದು ಅಂದಾಜಿಸಿದೆ’ ಎಂದರೆ ಮೂಲದ ತೂಕ ಉಳಿಯುತ್ತದೆ. ‘ಬೆಳೆಯುವ ಭರವಸೆ ನೀಡಿದೆ’ ಎಂದರೆ ಮತ್ತೆ ತಪ್ಪು, ಅಂದಾಜು ಭರವಸೆಯಲ್ಲ. ಇಲ್ಲಿಯೂ ಪ್ರತ್ಯಯ ನೋಡಬೇಕು: ‘ಶೇ 1ರಿಂದ ಶೇ 3ರ ನಡುವೆ’ ಎನ್ನಬೇಕೇ ಹೊರತು ‘ಶೇ 1ರಿಂದ ಶೇ 3ಕ್ಕೆ’ ಎಂದರೆ ಮೊದಲು 1 ಇದ್ದದ್ದು ಈಗ 3 ಆಗುತ್ತದೆ ಎಂಬ ಅರ್ಥ ಬರುತ್ತದೆ.

ಇದರ ಬಗ್ಗೆ ಖಾಲಾ ಹೇಳಿದ ಒಂದು ಮಾತು ನನಗೆ ಪಾಠದಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಎಂದು ಕಂಪನಿ ಅಂದಾಜಿಸಿದೆ’ ಎಂಬ ಎಚ್ಚರಿಕೆಯ ಮಾತೂ ಕೊನೆಗೇ ಬರುತ್ತದೆ. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೊನೆಗೆ. ತಲೆಬರಹ ಮಾಡುವಾಗ ಕ್ರಿಯಾಪದವನ್ನೇ ಬಿಡುತ್ತಾರೆ. ಉಳಿಯುವುದು ‘ಶೇ 3ರಷ್ಟು ಬೆಳವಣಿಗೆ’ ಮಾತ್ರ. ಅದಕ್ಕೆ ಅವರು ಎಚ್ಚರಿಕೆಯನ್ನು ಮುಂದಕ್ಕೆ ತರುತ್ತಾರೆ: ‘ಕಂಪನಿಯ ಅಂದಾಜಿನ ಪ್ರಕಾರ, 2024–25ರಲ್ಲಿ...’ ಹೀಗೆ ಶುರುವಾದ ವಾಕ್ಯವನ್ನು ಬಾಲದಿಂದ ಎಷ್ಟು ಕತ್ತರಿಸಿದರೂ ಅದು ಅಂದಾಜು ಎಂಬುದು ಉಳಿಯುತ್ತದೆ.

ಪ್ರಕಟಣೆಯ ಕಟ್ಟಕಡೆಯಲ್ಲಿ ಸಣ್ಣ ಅಕ್ಷರದ ಒಂದು ಎಚ್ಚರಿಕೆ ಇರುತ್ತದೆ. ಭವಿಷ್ಯದ ಬಗೆಗಿನ ಮಾತುಗಳಲ್ಲಿ ಅಪಾಯ ಮತ್ತು ಅನಿಶ್ಚಿತತೆ ಇವೆ, ನಿಜವಾದ ಫಲಿತಾಂಶ ಇದಕ್ಕಿಂತ ಗಣನೀಯವಾಗಿ ಬೇರೆಯಾಗಬಹುದು ಎಂಬುದು ಅದರ ಸಾರ. ನಾನು ಅದರಲ್ಲಿನ ‘ಮೆಟೀರಿಯಲಿ’ ಎಂಬುದನ್ನು ನಿಘಂಟು ನೋಡಿ ‘ಭೌತಿಕವಾಗಿ’ ಎಂದು ಬರೆದಿದ್ದೆ. ಲೆಕ್ಕಶಾಸ್ತ್ರದಲ್ಲಿ ಅದರ ಅರ್ಥ ನಿರ್ಧಾರವನ್ನು ಬದಲಿಸುವಷ್ಟು ದೊಡ್ಡದು ಎಂದು. ಪತ್ರಿಕೆಗಳು ಈ ಭಾಗವನ್ನು ಪೂರ್ತಿ ಹಾಕುವುದು ಅಪರೂಪ. ಆದ್ದರಿಂದ ಮುನ್ನೋಟದ ಪಕ್ಕದಲ್ಲೇ ಒಂದು ವಾಕ್ಯದಲ್ಲಿ ಅದರ ಸಾರ ಇಟ್ಟರೆ ಎರಡೂ ಜೊತೆಯಾಗಿ ಹೋಗುತ್ತವೆ. ನಮ್ಮ ಮನೆಯಲ್ಲಿ ದಾದಿ ನಾಳೆಯ ಯಾವ ಮಾತನ್ನೂ ಇನ್ಶಾ ಅಲ್ಲಾಹ್ ಸೇರಿಸದೆ ಆಡುವುದಿಲ್ಲ. ಯಾರಾದರೂ ಅವರ ಮಾತನ್ನು ಬೇರೆಯವರಿಗೆ ಹೇಳುವಾಗ ಅದನ್ನು ಬಿಟ್ಟು ಹೇಳಿದರೆ ‘ನಾನು ಹಾಗೆ ಹೇಳಲಿಲ್ಲ’ ಎನ್ನುತ್ತಾರೆ. ಕಂಪನಿಯದು ನಂಬಿಕೆಯ ಮಾತಲ್ಲ, ಕಾನೂನಿನ ಎಚ್ಚರಿಕೆ. ಆದರೂ ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಕಂಪನಿಯೂ ದಾದಿಯಂತೆಯೇ ಹೇಳಬಹುದು.

ಆ ಅಂದಾಜು ಏನಾಯಿತು? ಶೇ 1ರಿಂದ 3 ಎಂದಿದ್ದನ್ನು ಕಂಪನಿ ಆ ವರ್ಷದಲ್ಲಿ ಮೂರು ಸಲ ಏರಿಸಿತು. 2025ರ ಜನವರಿಯಲ್ಲಿ ಅದು ಶೇ 4.5ರಿಂದ ಶೇ 5ರ ನಡುವೆ ಎಂದಾಯಿತು. ವರ್ಷ ಮುಗಿದಾಗ ಬಂದದ್ದು ಶೇ 4.2. ಮೊದಲ ಅಂದಾಜಿಗಿಂತ ಹೆಚ್ಚು, ಕೊನೆಯ ಅಂದಾಜಿಗಿಂತ ಕಡಿಮೆ. ವರ್ಷ ಮುಗಿಯಲು ಮೂರೇ ತಿಂಗಳಿದ್ದಾಗ, ಕಂಪನಿಯ ಒಳಗಿನ ಲೆಕ್ಕವೆಲ್ಲ ಗೊತ್ತಿದ್ದವರು ಹೇಳಿದ ಅಂಕಿಯೂ ಹಾಗೇ ಬರಲಿಲ್ಲ. ಜನವರಿಯ ಅನುವಾದದಲ್ಲಿ ‘ಬೆಳೆಯಲಿದೆ’ ಎಂದು ಬರೆದವರು ಏಪ್ರಿಲ್‌ನಲ್ಲಿ ತಪ್ಪಿತಸ್ಥರು. ‘ಕಂಪನಿಯ ಅಂದಾಜಿನ ಪ್ರಕಾರ ಬೆಳೆಯಬಹುದು’ ಎಂದು ಬರೆದವರ ವಾಕ್ಯ ಇಂದಿಗೂ ನಿಜ.

ಕೊನೆಗೆ ಒಪ್ಪಿಸಿದ ಪ್ರತಿ

ನಾಲ್ಕು ಸಲ ತಿದ್ದಿದ ಮೇಲೆ ಸರ್‌ಗೆ ಒಪ್ಪಿಸಿದ್ದು ಇದು:

‘ಬೆಂಗಳೂರು, ಏಪ್ರಿಲ್ 18, 2024: 2024ರ ಮಾರ್ಚ್ 31ಕ್ಕೆ ಕೊನೆಗೊಂಡ ತ್ರೈಮಾಸಿಕದಲ್ಲಿ ಇನ್ಫೊಸಿಸ್ ಕಂಪನಿಯ ವರಮಾನ ₹37,923 ಕೋಟಿ (456.4 ಕೋಟಿ ಡಾಲರ್) ಆಗಿದೆ. ರೂಪಾಯಿ ಲೆಕ್ಕದಲ್ಲಿ ಇದು ಹಿಂದಿನ ವರ್ಷದ ಇದೇ ತ್ರೈಮಾಸಿಕಕ್ಕಿಂತ ಶೇ 1.3ರಷ್ಟು ಹೆಚ್ಚು, 2023ರ ಡಿಸೆಂಬರ್ 31ಕ್ಕೆ ಕೊನೆಗೊಂಡ ತ್ರೈಮಾಸಿಕಕ್ಕಿಂತ ಶೇ 2.3ರಷ್ಟು ಕಡಿಮೆ. ವಿನಿಮಯ ದರದ ಏರಿಳಿತವನ್ನು ಬಿಟ್ಟು, ಅಂದರೆ ಸ್ಥಿರ ಕರೆನ್ಸಿ ಲೆಕ್ಕದಲ್ಲಿ ನೋಡಿದರೆ, ಹಿಂದಿನ ವರ್ಷದ ಇದೇ ತ್ರೈಮಾಸಿಕಕ್ಕೆ ಹೋಲಿಸಿದ ಬೆಳವಣಿಗೆ ಶೇ 0.0.

ನಿವ್ವಳ ಲಾಭ ₹7,969 ಕೋಟಿ ಆಗಿದ್ದು, ಹಿಂದಿನ ವರ್ಷದ ಇದೇ ತ್ರೈಮಾಸಿಕಕ್ಕಿಂತ ಶೇ 30ರಷ್ಟು ಹೆಚ್ಚು. ಇದೇ ಹೋಲಿಕೆಯಲ್ಲಿ ಕಾರ್ಯಾಚರಣೆಯ ಲಾಭದ ಪ್ರಮಾಣ ಶೇ 21.0ರಿಂದ ಶೇ 20.1ಕ್ಕೆ ಇಳಿದಿದೆ.

ಪ್ರತಿ ಷೇರಿಗೆ ₹20 ಅಂತಿಮ ಲಾಭಾಂಶ ಹಾಗೂ ಹೆಚ್ಚುವರಿಯಾಗಿ ₹8 ವಿಶೇಷ ಲಾಭಾಂಶ ನೀಡಲು ನಿರ್ದೇಶಕ ಮಂಡಳಿ ಶಿಫಾರಸು ಮಾಡಿದೆ. ಇದಕ್ಕೆ ಷೇರುದಾರರ ಒಪ್ಪಿಗೆ ಬೇಕು.

ಕಂಪನಿಯ ಅಂದಾಜಿನ ಪ್ರಕಾರ, 2024–25ನೇ ಹಣಕಾಸು ವರ್ಷದಲ್ಲಿ ವರಮಾನದ ಬೆಳವಣಿಗೆ ಸ್ಥಿರ ಕರೆನ್ಸಿ ಲೆಕ್ಕದಲ್ಲಿ ಶೇ 1ರಿಂದ ಶೇ 3ರ ನಡುವೆ ಇರಬಹುದು. ಇದರಲ್ಲಿ ಅನಿಶ್ಚಿತತೆಗಳಿದ್ದು, ನಿಜವಾದ ಫಲಿತಾಂಶ ಗಣನೀಯವಾಗಿ ಬೇರೆಯಾಗಬಹುದು ಎಂದೂ ಕಂಪನಿ ಎಚ್ಚರಿಸಿದೆ.’

ಒಪ್ಪಿಸುವ ಮೊದಲು ಇದನ್ನು ಮತ್ತೊಮ್ಮೆ ಮಾಮೂಗೆ ಓದಿ, ನೀವು ತಿಳಿದದ್ದನ್ನು ನನಗೆ ಉರ್ದುವಿನಲ್ಲಿ ಹೇಳಿ ಎಂದು ಕೇಳಿದೆ. ಅವರು ಹೇಳಿದ್ದನ್ನು ಬರೆದುಕೊಂಡು ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟು ನೋಡಿದೆ. ‘ವ್ಯಾಪಾರ ಹೋದ ವರ್ಷದಷ್ಟೇ ಇದೆ. ಲಾಭ ಮಾತ್ರ ಜಾಸ್ತಿ, ಏಕೆಂದು ಇಲ್ಲಿ ಹೇಳಿಲ್ಲ. ಡಿವಿಡೆಂಡ್ ಕೊಡೋಣ ಅಂದಿದ್ದಾರೆ, ಇನ್ನೂ ಪಕ್ಕಾ ಆಗಿಲ್ಲ. ಮುಂದಿನ ವರ್ಷ ಸ್ವಲ್ಪ ಬೆಳೆಯಬಹುದು ಅಂತಾರೆ, ಆದರೆ ಕೈ ಮೇಲೆ ಕೈ ಇಟ್ಟು ಹೇಳಿಲ್ಲ.’

ಮೂಲದಲ್ಲಿ ಇದ್ದದ್ದೂ ಅಷ್ಟೇ. ಆಗ ಇದು ಹಳೆಯ ಸುದ್ದಿ, ಆ ಲಾಭಾಂಶ ನಿಮ್ಮ ಖಾತೆಗೆ ಬಂದು ಬಹಳ ದಿನವಾಯಿತು ಎಂದು ಅವರಿಗೆ ಹೇಳಿದೆ.